ಕೊಳ್ಳುವವರ ಸಾಲಿನಲ್ಲಿ ನಿಂತ ನಲವತ್ತೆಂಟು ಸಾವಿರ

ಷೇರು ಆ್ಯಪ್‌ನಲ್ಲಿ ಕಂಪನಿಯ ಹೆಸರು ಒತ್ತಿದರೆ ‘ಮಾರ್ಕೆಟ್ ಡೆಪ್ತ್’ ಎಂಬ ಪಟ್ಟಿ ಕಾಣುತ್ತದೆ. ಒಂದು ಕಡೆ ಕೊಳ್ಳುವವರ ಸಾಲು, ಅದು ಬಿಡ್. ಇನ್ನೊಂದು ಕಡೆ ಮಾರುವವರದು, ಅದು ಆಸ್ಕ್. ಸಾಮಾನ್ಯವಾಗಿ ಎರಡೂ ಕಡೆ ಐದೈದು ಬೆಲೆ, ಪ್ರತಿ ಬೆಲೆಗೂ ಎಷ್ಟು ಷೇರು ಕಾದಿವೆ ಎಂಬ ಲೆಕ್ಕ. ಬೆಲೆ ಒಂದೇ ಆಗಿದ್ದರೆ ಮೊದಲು ಬಂದವರಿಗೆ ಮೊದಲ ಸರದಿ, ನ್ಯಾಯಬೆಲೆ ಅಂಗಡಿಯ ಮುಂದಿನ ಹಾಗೆ. ಆದರೆ ಈ ಸಾಲಿನಿಂದ ಯಾರು ಬೇಕಾದರೂ ಕ್ಷಣದಲ್ಲಿ ಜಾರಿಕೊಳ್ಳಬಹುದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಷೇರು 412 ರೂಪಾಯಿಯಲ್ಲಿದೆ. ಕೊಳ್ಳುವವರ ಕಡೆ ಒಂದೊಂದು ಬೆಲೆಗೂ ಸಾವಿರದ ಆಸುಪಾಸು, 411.80ರಲ್ಲಿ ಮಾತ್ರ 48,000. ‘ಇಷ್ಟು ದೊಡ್ಡ ಗೋಡೆ ಇದೆ, ಇನ್ನು ಕೆಳಗಿಳಿಯಲ್ಲ’ ಎಂದು ಹೊಸಬರು ಕೊಂಡುಬಿಡುತ್ತಾರೆ. ನನಗೆ ಮೊದಲು ಬರುವ ಅನುಮಾನ ಬೇರೆ: ನಿಜಕ್ಕೂ ಅಷ್ಟು ಷೇರು ಬೇಕಾದವರು ಅದನ್ನು ಊರಿಗೆಲ್ಲ ಯಾಕೆ ತೋರಿಸುತ್ತಾರೆ? ಕಂಡವರೆಲ್ಲ 411.85ಕ್ಕೆ ಅವರ ಮುಂದೆ ಹೋಗಿ ನಿಲ್ಲುತ್ತಾರೆ. ಅದಕ್ಕೇ ಎನ್‌ಎಸ್‌ಇಯಲ್ಲಿ ‘ಡಿಸ್‌ಕ್ಲೋಸ್ಡ್ ಕ್ವಾಂಟಿಟಿ’ ಎಂಬ ಅನುಕೂಲವಿದೆ. ಆರ್ಡರಿನ ಶೇ 10ರಷ್ಟನ್ನಾದರೂ ತೋರಿಸಿ ಉಳಿದದ್ದನ್ನು ಮರೆಯಲ್ಲಿಡಬಹುದು. 412.05ರಲ್ಲಿ ಒಂಬತ್ತು ಸಾವಿರ ಷೇರು ಕೈಬದಲಾದರೂ ಪರದೆಯ ಮೇಲೆ ಮತ್ತೆ ಮತ್ತೆ ಸಾವಿರವೇ ತುಂಬಿಕೊಳ್ಳುತ್ತಿದ್ದರೆ, ಅಲ್ಲಿ ದೊಡ್ಡ ಮಾರಾಟಗಾರ ಅಡಗಿರಬಹುದು.

ತೋರಿಸಿಕೊಂಡ ಗೋಡೆಯ ಪರೀಕ್ಷೆ ನಡೆಯುವುದು ಬೆಲೆ ಅದನ್ನು ಮುಟ್ಟಿದಾಗ. 48,000 ಇದ್ದದ್ದು 31,000ಕ್ಕೆ ಇಳಿಯಿತು ಎನ್ನಿ. ಅಷ್ಟರಲ್ಲಿ ದಿನದ ವಹಿವಾಟಿನ ಸಂಖ್ಯೆಯೂ ಸುಮಾರು 17,000 ಏರಿದ್ದರೆ ಅಲ್ಲಿದ್ದವರು ನಿಜವಾಗಿ ಕೊಂಡಿದ್ದಾರೆ. ವಹಿವಾಟು ಏರದೆ ಗೋಡೆ ಮಾಯವಾದರೆ ಆರ್ಡರ್ ರದ್ದಾಗಿದೆ. ಒಮ್ಮೆ ರದ್ದಾದರೆ ಮನಸ್ಸು ಬದಲಾಗಿರಬಹುದು. ಬೆಲೆ ಹತ್ತಿರ ಬಂದಾಗಲೆಲ್ಲ ಹಿಂದೆ ಸರಿದರೆ ಅದು ಸ್ಪೂಫಿಂಗ್‌ನ ಲಕ್ಷಣ.

ಲಂಡನ್ನಿನ ಹೊರವಲಯದ ಮನೆಯಿಂದ ವಹಿವಾಟು ಮಾಡುತ್ತಿದ್ದ ನವಿಂದರ್ ಸರಾವ್ ಅಮೆರಿಕದ ಸೂಚ್ಯಂಕ ಫ್ಯೂಚರ್ಸ್‌ನಲ್ಲಿ ಮಾಡಿದ್ದು ಇದನ್ನೇ. ಅತಿ ಹತ್ತಿರದ ಆಸ್ಕ್‌ಗಿಂತ ಕೆಲವು ಮೆಟ್ಟಿಲು ಮೇಲೆ ಭಾರಿ ಮಾರಾಟದ ಆರ್ಡರ್‌ಗಳನ್ನಿಟ್ಟು, ಬೆಲೆ ಸರಿದಂತೆ ಅವೂ ಸರಿಯುವಂತೆ ಪ್ರೋಗ್ರಾಂ ಮಾಡಿಸಿದ್ದ. ಮಾರುವವರು ಮುಗಿಬಿದ್ದಿದ್ದಾರೆಂದು ಉಳಿದವರು ನಂಬುತ್ತಿದ್ದರು. ಮಾರುಕಟ್ಟೆ ದಿಢೀರ್ ಕುಸಿದ 2010ರ ಮೇ 6ರಂದೂ ಆ ಪ್ರೋಗ್ರಾಂ ಓಡಿತ್ತು. 2016ರಲ್ಲಿ ಆತ ತಪ್ಪೊಪ್ಪಿಕೊಂಡ.

ಹಾಗಾದರೆ ಪಟ್ಟಿಯಿಂದ ದಿಕ್ಕು ತಿಳಿಯುವುದೇ ಇಲ್ಲವೇ? ಸ್ವಲ್ಪ ತಿಳಿಯುತ್ತದೆ. ಅತಿ ಹತ್ತಿರದ ಬಿಡ್‌ನಲ್ಲಿ 9,000, ಆಸ್ಕ್‌ನಲ್ಲಿ 600 ಇದ್ದರೆ ಮುಂದಿನ ಐದು ಪೈಸೆ ಮೇಲಕ್ಕೆ ಹೋಗುವ ಸಾಧ್ಯತೆ ಹೆಚ್ಚು, ಏಕೆಂದರೆ 600 ಬೇಗ ಖಾಲಿಯಾಗುತ್ತದೆ. ಆದರೆ ಆ ಸುಳಿವಿನ ಆಯಸ್ಸು ಕೆಲವೇ ಸೆಕೆಂಡು. ನಾವು ಪಟ್ಟಿ ಓದಿ ಗುಂಡಿ ಒತ್ತುವಷ್ಟರಲ್ಲಿ ವಿನಿಮಯ ಕೇಂದ್ರದ ಪಕ್ಕದಲ್ಲೇ ಇಟ್ಟ ಕಂಪ್ಯೂಟರ್‌ಗಳು ಆ 600 ಷೇರುಗಳನ್ನು ಎತ್ತಿಕೊಂಡಿರುತ್ತವೆ.