ನಾಲ್ಕೇ ಪದಗಳ ತತ್ತ್ವ

‘ಹುಟ್ಟು ಉಚಿತ, ಸಾವು ಖಚಿತ.’ ನಮ್ಮ ಆಟೋಗಳ ಹಿಂಭಾಗದಲ್ಲಿ ಕಾಣುವ ಈ ಸಾಲನ್ನು ಒಮ್ಮೆ ಓದಿದರೆ ಸಾಕು, ಬಾಯಿಪಾಠವಾಗಿಬಿಡುತ್ತದೆ. ಅದಕ್ಕೆ ಕಾರಣ ಸಾಲಿನ ಕಟ್ಟಡದಲ್ಲೇ ಇದೆ.

ಮಾತ್ರೆ ಎಣಿಸಿ ನೋಡಿ. ‘ಹುಟ್ಟು’ ಮೂರು ಮಾತ್ರೆ, ‘ಉಚಿತ’ ಮೂರು. ‘ಸಾವು’ ಮೂರು, ‘ಖಚಿತ’ವೂ ಮೂರು. ಎರಡು ತುಂಡುಗಳೂ ತಕ್ಕಡಿಯ ತಟ್ಟೆಗಳಂತೆ ಸಮ ತೂಗುತ್ತವೆ. ‘ಉಚಿತ’, ‘ಖಚಿತ’ಗಳಲ್ಲಿ ಮೊದಲಕ್ಷರ ಮಾತ್ರ ಬೇರೆ, ಉಳಿದದ್ದೆಲ್ಲ ಒಂದೇ. ಹೀಗಾಗಿ ಪ್ರಾಸ ಕಿವಿಗೆ ತಟ್ಟನೆ ಸಿಗುತ್ತದೆ. ಕನ್ನಡದಲ್ಲಿ ಇಂಥ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲದ್ದರಿಂದ ನಾಲ್ಕೇ ಪದಗಳಲ್ಲಿ ಮಾತು ಮುಗಿಯುತ್ತದೆ. ಸಿಗ್ನಲ್ ಹಸಿರಾಗುವುದರೊಳಗೆ ಓದಿಸಿಕೊಳ್ಳಬೇಕಾದ ಬರಹಕ್ಕೆ ಈ ಚುಟುಕುತನವೇ ಜೀವ.

ನಗು ಹುಟ್ಟುವುದು ‘ಉಚಿತ’ ಎಂಬಲ್ಲಿ. ಅದು ಅಂಗಡಿ ಬೋರ್ಡಿನ ಪದ. ಒಂದು ಕೊಂಡರೆ ಒಂದು ಉಚಿತ ಎನ್ನುವಾಗಿನದು. ಅದನ್ನು ಹುಟ್ಟಿಗೆ ಅಂಟಿಸಿದಾಗ ತುಟಿ ಅರಳುತ್ತದೆ. ಮರುಕ್ಷಣವೇ ಸಾವು ಎದುರಾಗುತ್ತದೆ. ಕ್ರಮ ತಿರುಗಿಸಿ ‘ಸಾವು ಖಚಿತ, ಹುಟ್ಟು ಉಚಿತ’ ಎಂದು ಓದಿ: ಮಾತ್ರೆ, ಪ್ರಾಸ ಎರಡೂ ಹಾಗೆಯೇ ಇವೆ, ಪೆಟ್ಟು ಮಾತ್ರ ಮಾಯ. ಭಾರದ ಮಾತು ಕೊನೆಗೇ ಬರಬೇಕು.

ಲಾರಿಗಳ ‘ನಿಧಾನವೇ ಪ್ರಧಾನ’ವೂ ಪ್ರಾಸದ ಬಲದಿಂದಲೇ ನಿಂತಿದೆ. ಅದನ್ನೇ ‘ನಿಧಾನವಾಗಿ ಚಲಿಸುವುದು ಮುಖ್ಯ’ ಎಂದು ಬರೆದರೆ ಅರ್ಥ ಉಳಿಯುತ್ತದೆ, ಆದರೆ ಸಾರಿಗೆ ಇಲಾಖೆಯ ಸೂಚನೆಯಾಗುತ್ತದೆ. ಉಪದೇಶವನ್ನು ಜನ ದಾಟಿ ಹೋಗುತ್ತಾರೆ. ಲಯವಿರುವ ಮಾತನ್ನು ಜೊತೆಗೊಯ್ಯುತ್ತಾರೆ.