ಹಾಳೆ ಮಡಚಿದರೆ ಮಸೂರವೇ ದರ್ಪಣ

ಹತ್ತನೇ ತರಗತಿಯ ವಿಜ್ಞಾನದಲ್ಲಿ ಬೆಳಕಿನ ಪಾಠ ಓದುವ ಮಕ್ಕಳು ಎರಡು ಪಟ್ಟಿಗಳನ್ನು ಉರುಹಚ್ಚುತ್ತಾರೆ. ಒಂದು ನಿಮ್ನ ದರ್ಪಣದ್ದು, ಇನ್ನೊಂದು ಪೀನ ಮಸೂರದ್ದು. ವಸ್ತು ಇಲ್ಲಿದ್ದರೆ ಪ್ರತಿಬಿಂಬ ಅಲ್ಲಿ ಎಂಬ ಆರಾರು ಸಾಲುಗಳು. ಪರೀಕ್ಷೆಯ ಹಾಲ್‌ನಲ್ಲಿ ಕುಳಿತಾಗ ಇವೆರಡೂ ಒಂದರೊಳಗೊಂದು ಕಲಸಿಹೋಗುತ್ತವೆ. ದರ್ಪಣದ ಪ್ರತಿಬಿಂಬ ಹಿಂಬದಿಗೆ ಹೋಗುತ್ತದೆ, ಮಸೂರದ F1 ಇರಬೇಕಾದಲ್ಲಿ F2 ಬರುತ್ತದೆ. ನನ್ನ ಮಟ್ಟಿಗೆ ಎರಡು ಪಟ್ಟಿಗಳ ಅಗತ್ಯವೇ ಇಲ್ಲ. ಇರುವುದು ಒಂದೇ ಚಿತ್ರ. ಅದನ್ನು ಒಮ್ಮೆ ಅಳತೆಯಿಟ್ಟು ಬರೆದು ನೋಡಿದರೆ ಸಾಕು.

ಒಂದು ನಿಜವಾದ ಸನ್ನಿವೇಶವನ್ನೇ ತೆಗೆದುಕೊಳ್ಳೋಣ. 10 ಸೆಂ.ಮೀ. ಸಂಗಮದೂರದ ಪೀನ ಮಸೂರ, ಅದರಿಂದ 15 ಸೆಂ.ಮೀ. ದೂರದಲ್ಲಿ ಉರಿಯುವ ಮೇಣದಬತ್ತಿ. ಮಸೂರದ ಆಚೆ ಬದಿಯಲ್ಲಿ 30 ಸೆಂ.ಮೀ. ದೂರಕ್ಕೆ ಬಿಳಿ ಹಾಳೆ ಹಿಡಿದರೆ ಜ್ವಾಲೆ ತಲೆಕೆಳಗಾಗಿ, ಎರಡು ಪಟ್ಟು ದೊಡ್ಡದಾಗಿ ಮೂಡುತ್ತದೆ. ಪ್ರಶ್ನೆಪತ್ರಿಕೆಯ ಭಾಷೆಯಲ್ಲಿ ಇದೇ ‘ವಸ್ತುವನ್ನು F1 ಮತ್ತು 2F1 ನಡುವೆ ಇಟ್ಟಾಗ’.

ಇದನ್ನು ಹಾಳೆಗೆ ಇಳಿಸಲು ಐದು ಸೆಂಟಿಮೀಟರಿಗೆ ಒಂದರಂತೆ ಅಳತೆ ಹಿಡಿಯೋಣ. ಸಂಗಮದೂರ 2 ಸೆಂ.ಮೀ., ವಸ್ತುವಿನ ದೂರ 3 ಸೆಂ.ಮೀ., ಪ್ರತಿಬಿಂಬದ ದೂರ 6 ಸೆಂ.ಮೀ. ಆಗುತ್ತದೆ. ಮೊದಲು ಅಡ್ಡಲಾಗಿ ಪ್ರಧಾನ ಅಕ್ಷ. ಮಸೂರವನ್ನು ಹಾಳೆಯ ನಟ್ಟನಡುವೆ ಇಡುವುದು ಎಲ್ಲರ ಅಭ್ಯಾಸ. ಆದರೆ ಈ ಚಿತ್ರಕ್ಕೆ ಬಲಗಡೆ ಹೆಚ್ಚು ಜಾಗ ಬೇಕು, ಹಾಗಾಗಿ ಮಸೂರ ಸ್ವಲ್ಪ ಎಡಕ್ಕಿರಲಿ. ಮಸೂರದ ನಡುವೆ ಮೇಲಿಂದ ಕೆಳಕ್ಕೆ ಪೆನ್ಸಿಲ್ಲಿನಲ್ಲಿ ಒಂದು ತೆಳುವಾದ ನೆಟ್ಟಗೆರೆ ಎಳೆಯಿರಿ. ಆ ಗೆರೆ ಅಕ್ಷವನ್ನು ಕತ್ತರಿಸುವ ಜಾಗವೇ ದ್ಯುತಿಕೇಂದ್ರ O. ಎಲ್ಲ ದೂರಗಳನ್ನೂ ಅಳೆಯಬೇಕಾದದ್ದು ಇಲ್ಲಿಂದ, ಮಸೂರದ ಹೊರಮೈಯಿಂದಲ್ಲ. ಎಡಕ್ಕೆ 2 ಸೆಂ.ಮೀ.ಗೆ F1, 4 ಸೆಂ.ಮೀ.ಗೆ 2F1. ಬಲಕ್ಕೆ ಅಷ್ಟಷ್ಟೇ ದೂರದಲ್ಲಿ F2 ಮತ್ತು 2F2. ಎಡಗಡೆ 3 ಸೆಂ.ಮೀ. ದೂರದಲ್ಲಿ, ಅಕ್ಷದ ಮೇಲೆ 1 ಸೆಂ.ಮೀ. ಎತ್ತರದ ಬಾಣವೇ ವಸ್ತು.

ವಸ್ತುವನ್ನು 3 ಸೆಂ.ಮೀ.ಗೇ, ಅಂದರೆ F1 ಮತ್ತು 2F1ಗಳ ಸರಿಯಾದ ನಡುವೆ ಇಟ್ಟಿದ್ದಕ್ಕೆ ಕಾರಣವಿದೆ. ‘ನಡುವೆ’ ಎಂದರೆ ಎಲ್ಲಿಟ್ಟರೂ ಆದೀತು ಎಂದು F1ಗೆ ಒತ್ತಿದಂತೆ 2.2 ಸೆಂ.ಮೀ.ಗೆ ಇಟ್ಟರೆ ಪ್ರತಿಬಿಂಬ 22 ಸೆಂ.ಮೀ. ದೂರಕ್ಕೆ ಓಡಿ ಉತ್ತರಪತ್ರಿಕೆಯ ಹಾಳೆಯಿಂದಲೇ ಹೊರಗೆ ಬೀಳುತ್ತದೆ. ಕಿರಣಗಳು ಸೇರುವುದೇ ಇಲ್ಲವಲ್ಲ ಎಂದು ಗಾಬರಿಯಾಗಿ ಹಲವರು ಕೊನೆಗೆ ಗೆರೆಯನ್ನು ಬಗ್ಗಿಸಿ ಸೇರಿಸಿಬಿಡುತ್ತಾರೆ. ಗೆರೆಯದ್ದೇನೂ ತಪ್ಪಿಲ್ಲ, ಬಾಣ ನಿಂತ ಜಾಗದ್ದು ತಪ್ಪು.

ಈಗ ಬಾಣದ ತುದಿಯಿಂದ ಕಿರಣಗಳು. ಅಕ್ಷಕ್ಕೆ ಸಮಾಂತರವಾಗಿ ಹೊರಟದ್ದು ಮಸೂರ ದಾಟಿ F2 ಮೂಲಕ ಸಾಗುತ್ತದೆ. O ಮೂಲಕ ಹೋದದ್ದು ತಿರುಗದೆ ನೇರ ಹೋಗುತ್ತದೆ. F1 ಮೂಲಕ ಹೋದದ್ದು ಮಸೂರ ದಾಟಿದ ಮೇಲೆ ಅಕ್ಷಕ್ಕೆ ಸಮಾಂತರವಾಗುತ್ತದೆ. ತಿರುವು ಇರುವುದೆಲ್ಲ ಆ ನೆಟ್ಟಗೆರೆಯ ಮೇಲೆ. ನಿಜವಾದ ಗಾಜಿನಲ್ಲಿ ಬೆಳಕು ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಬಾಗುತ್ತದೆ ನಿಜ. ತೆಳುವಾದ ಮಸೂರಕ್ಕೆ ಆ ಎರಡು ಬಾಗುಗಳನ್ನು ಸೇರಿಸಿ ನಡುಗೆರೆಯಲ್ಲಿ ಒಂದೇ ತಿರುವಾಗಿ ತೋರಿಸುವುದು ಒಪ್ಪಂದ. ದಪ್ಪನೆಯ ಮಸೂರ ಬರೆದು, ಕಿರಣವನ್ನು ಅದರ ಎಡ ಮೈಯಲ್ಲೇ ತಿರುಗಿಸಿದರೆ ಅಳತೆಯೆಲ್ಲ ಅಷ್ಟಷ್ಟು ಜರುಗುತ್ತದೆ.

ಮೂರೂ ಕಿರಣಗಳು O ಇಂದ ಬಲಕ್ಕೆ 6 ಸೆಂ.ಮೀ., ಅಕ್ಷದಿಂದ ಕೆಳಕ್ಕೆ 2 ಸೆಂ.ಮೀ. ಇರುವ ಬಿಂದುವಿನಲ್ಲಿ ಸೇರುತ್ತವೆ. ಉತ್ತರಕ್ಕೆ ಎರಡು ಕಿರಣ ಸಾಕು. ಮೂರನೆಯದು ನಿಮ್ಮ ಸ್ವಂತ ತಪಾಸಣೆಗೆ. ಅದು ಬಿಂದುವನ್ನು ತಪ್ಪಿಸಿಕೊಂಡು ಹೋದರೆ F ಗುರುತುಗಳಲ್ಲೊಂದು ಅಲುಗಿದೆ ಎಂದರ್ಥ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ: ಪ್ರತಿಬಿಂಬದ ದೂರವನ್ನು ವಸ್ತುವಿನ ದೂರದಿಂದ ಭಾಗಿಸಿ, ಪ್ರತಿಬಿಂಬದ ಎತ್ತರವನ್ನು ವಸ್ತುವಿನ ಎತ್ತರದಿಂದ ಭಾಗಿಸಿ. ಎರಡೂ ಒಂದೇ ಸಂಖ್ಯೆ ಬರಬೇಕು. ಇಲ್ಲಿ ಎರಡೂ 2.

ಇನ್ನು ದರ್ಪಣ. ಹೊಸ ಚಿತ್ರ ಬರೆಯುವ ಬದಲು ಇದೇ ಹಾಳೆಯನ್ನು ಮಸೂರದ ನೆಟ್ಟಗೆರೆಯ ಮೇಲೆ ಮಡಚಿ, ಬಲಗಡೆಯ ಅರ್ಧವನ್ನು ಎಡಗಡೆಯ ಮೇಲೆ ತನ್ನಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ F2 ಬಂದು F1ರ ಮೇಲೆ ಕೂತಿರುತ್ತದೆ, 2F2 ಬಂದು 2F1ರ ಮೇಲೆ. ಈ ಜೋಡಿಗಳೇ ದರ್ಪಣದ F ಮತ್ತು C. ದರ್ಪಣದಲ್ಲಿ ಬೆಳಕು ಆಚೆಗೆ ದಾಟದೆ ಬಂದ ಕಡೆಗೇ ಮರಳುತ್ತದೆ, ಆದ್ದರಿಂದ ಅದಕ್ಕೆ ಸಂಗಮವೂ ಒಂದೇ ಸಾಕು. ಪ್ರತಿಬಿಂಬ ಎಡಗಡೆ 6 ಸೆಂ.ಮೀ.ಗೆ, C ದಾಟಿ ಆಚೆಗೆ ನಿಂತಿರುತ್ತದೆ. ವಸ್ತು C ಮತ್ತು F ನಡುವೆ ಇದ್ದರೆ ಪ್ರತಿಬಿಂಬ C ಆಚೆಗೆ, ಸತ್ಯ, ತಲೆಕೆಳಗು, ದೊಡ್ಡದು. ದರ್ಪಣದ ಪಟ್ಟಿಯಲ್ಲಿ ಬರೆದಿರುವುದೂ ಇದೇ.

ಕಿರಣಗಳೂ ಹಾಗೇ ಮಡಚಿಕೊಳ್ಳುತ್ತವೆ. F2 ಮೂಲಕ ಮುಂದೆ ಹೋಗುತ್ತಿದ್ದದ್ದು F ಮೂಲಕ ಹಿಂದಕ್ಕೆ ಬರುತ್ತದೆ. O ಮೂಲಕ ನೇರ ಹೋಗುತ್ತಿದ್ದ ಕಿರಣ ಏನಾಯಿತು ನೋಡಿ. ಅದು ದರ್ಪಣದ ಧ್ರುವ P ಗೆ ಬಡಿದು, ಅಕ್ಷದ ಮೇಲೆ ಎಷ್ಟು ಕೋನದಲ್ಲಿ ಬಂದಿತ್ತೋ ಅಷ್ಟೇ ಕೋನದಲ್ಲಿ ಕೆಳಗಡೆ ಹೊರಟಿದೆ. ಪ್ರತಿಫಲನದ ನಿಯಮ ಹೇಳುವುದೂ ಅದನ್ನೇ. ಈ ಕಿರಣಕ್ಕೆ ಕೋನಮಾಪಕವೂ ಬೇಡ. ವಸ್ತುವಿನ ತುದಿ ಅಕ್ಷದಿಂದ 1 ಸೆಂ.ಮೀ. ಮೇಲಿದ್ದರೆ ಅದೇ ಜಾಗದಲ್ಲಿ 1 ಸೆಂ.ಮೀ. ಕೆಳಗೆ ಒಂದು ಚುಕ್ಕಿ ಇಟ್ಟು, P ಯಿಂದ ಆ ಚುಕ್ಕಿಯ ಮೂಲಕ ಗೆರೆ ಎಳೆದರಾಯಿತು. C ಮೂಲಕ ಬಂದ ಕಿರಣ ದರ್ಪಣಕ್ಕೆ ಲಂಬವಾಗಿ ಬಡಿದು ಬಂದ ದಾರಿಯಲ್ಲೇ ಮರಳುತ್ತದೆ ಎಂದು ಪಾಠ ಹೇಳುತ್ತದೆ. ಹಾಳೆಯನ್ನು ಬಿಚ್ಚಿದರೆ ಅದಕ್ಕೂ ಮಸೂರದಲ್ಲಿ ಜೋಡಿ ಸಿಗುತ್ತದೆ: 2F1 ಮೂಲಕ ಬಂದ ಕಿರಣ 2F2 ಮೂಲಕ ಹೊರಹೋಗುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಸರಿಯಾಗಿಯೇ ಇದೆ.

ಸೂತ್ರಗಳಲ್ಲಿರುವ ವ್ಯತ್ಯಾಸವೂ ಈ ಮಡಿಕೆಯದ್ದೇ. ಮಸೂರಕ್ಕೆ 1/v − 1/u = 1/f, ದರ್ಪಣಕ್ಕೆ 1/v + 1/u = 1/f. ಮಸೂರದಲ್ಲಿ u = −3, f = +2, v = +6. ದರ್ಪಣದಲ್ಲಿ u = −3, f = −2, v = −6. ಬಲಗಡೆಯದ್ದು ಎಡಕ್ಕೆ ಬಂದದ್ದರಿಂದ f ಮತ್ತು v ಎರಡರ ಚಿಹ್ನೆಯೂ ಬದಲಾಗಿದೆ, ಅಷ್ಟೇ.

ಒಂದು ಕಡೆ ಮಾತ್ರ ದರ್ಪಣ ಮಸೂರಕ್ಕಿಂತ ಹೆಚ್ಚು ಕಾಡುತ್ತದೆ. ಅಚ್ಚುಕಟ್ಟಾಗಿ ಬರೆಯುವ ವಿದ್ಯಾರ್ಥಿಗಳೇ ಅಲ್ಲಿ ಹೆಚ್ಚು ಎಡವುತ್ತಾರೆ. C ಮೇಲೆ ಕೈವಾರದ ಮುಳ್ಳೂರಿ 4 ಸೆಂ.ಮೀ. ತ್ರಿಜ್ಯದ ಕಂಸ ಎಳೆಯುತ್ತಾರೆ, ಕಿರಣಗಳನ್ನು ಆ ಕಂಸದ ಮೇಲೆಯೇ ತಿರುಗಿಸುತ್ತಾರೆ. ಆಗ ನಮ್ಮ ಇದೇ ವಸ್ತುವಿಗೆ, ಸಮಾಂತರ ಕಿರಣವನ್ನು ಧ್ರುವದ ಕಿರಣದೊಂದಿಗೆ ಸೇರಿಸಿದರೆ ಪ್ರತಿಬಿಂಬ ಸುಮಾರು 5.3 ಸೆಂ.ಮೀ.ಗೆ ಬರುತ್ತದೆ. ಅದೇ ಸಮಾಂತರ ಕಿರಣವನ್ನು C ಕಿರಣದೊಂದಿಗೆ ಸೇರಿಸಿದರೆ ಸುಮಾರು 6.3 ಸೆಂ.ಮೀ.ಗೆ. ಸ್ಕೇಲು ಸರಿಯಿದೆ, ಕೈ ಸರಿಯಿದೆ, ಉತ್ತರ ಮಾತ್ರ ಒಂದು ಸೆಂಟಿಮೀಟರು ಅತ್ತಿತ್ತ. ಬಾಣ ಎತ್ತರವಾದಷ್ಟೂ ಈ ಅಂತರ ಬೆಳೆಯುತ್ತದೆ. 1.5 ಸೆಂ.ಮೀ. ಎತ್ತರದ ಬಾಣ ಬರೆದರೆ ಒಂದು ಜೋಡಿ 4.6 ಎನ್ನುತ್ತದೆ, ಇನ್ನೊಂದು 6.8.

ಕಾರಣ ಹೀಗಿದೆ. ಸಂಗಮ ಎಂಬ ಒಂದೇ ಬಿಂದು ಸಿಗುವುದು ಅಕ್ಷಕ್ಕೆ ತೀರಾ ಹತ್ತಿರದ ಕಿರಣಗಳಿಗೆ ಮಾತ್ರ. ಅಂಚಿಗೆ ಬಡಿದ ಸಮಾಂತರ ಕಿರಣಗಳು ಗೋಳೀಯ ದರ್ಪಣದಲ್ಲಿ F ಗಿಂತ ಈಚೆಯೇ ಅಕ್ಷವನ್ನು ದಾಟುತ್ತವೆ. ದೂರದರ್ಶಕಗಳ ದೊಡ್ಡ ಕನ್ನಡಿಗಳನ್ನು ಸಾಮಾನ್ಯವಾಗಿ ಗೋಳದ ತುಣುಕಾಗಿ ಬಿಡದೆ ಪ್ಯಾರಾಬೋಲಾ ಆಕಾರಕ್ಕೆ ಉಜ್ಜುವುದೂ ಇದಕ್ಕೇ. ನಾವಾದರೋ ಹಾಳೆಯ ಮೇಲೆ ಅಂಚಿನ ಕಿರಣವನ್ನೂ F ಮೂಲಕವೇ ಕಳಿಸುತ್ತೇವೆ, ಜೊತೆಗೆ ಕಂಸವನ್ನೂ ಆಳವಾಗಿ ಬರೆಯುತ್ತೇವೆ. ಎರಡು ಒಟ್ಟಿಗೆ ಹೊಂದುವುದಿಲ್ಲ.

ಕಿರಣಚಿತ್ರ ವಾಸ್ತವವಾಗಿ ಎತ್ತರದಲ್ಲಿ ಹಿಗ್ಗಿಸಿದ ನಕ್ಷೆ. ಉದ್ದಕ್ಕೆ ಐದಕ್ಕೊಂದು ಅಳತೆ ಹಿಡಿದ ನಾವು, ಜ್ವಾಲೆ 2 ಮಿ.ಮೀ. ಇದ್ದರೂ 1 ಸೆಂ.ಮೀ. ಎಂದೇ ಬರೆಯಬಹುದು, ಗೆರೆಗಳು ಸೇರುವ ದೂರ ಅದರಿಂದ ಬದಲಾಗದು. ಹೀಗೆ ಎತ್ತರವನ್ನಷ್ಟೇ ಹಿಗ್ಗಿಸಿದಾಗ ದರ್ಪಣದ ಬಾಗು ಹೆಚ್ಚುಕಡಿಮೆ ನೆಟ್ಟಗೆರೆಯೇ ಆಗಿಬಿಡುತ್ತದೆ. ಆದ್ದರಿಂದ ದರ್ಪಣದಲ್ಲೂ P ಮೂಲಕ ಒಂದು ತೆಳು ನೆಟ್ಟಗೆರೆ ಎಳೆದು ಕಿರಣಗಳನ್ನು ಅದರ ಮೇಲೆ ತಿರುಗಿಸಿ. ಅದಕ್ಕೆ ಒತ್ತಿಕೊಂಡಂತೆ ಚಪ್ಪಟೆಯಾದ ಕಂಸವನ್ನು ಕೈಯಲ್ಲೇ ಬರೆಯಿರಿ. PC ಎಂಬುದು PF ನ ಎರಡರಷ್ಟಿರಲಿ, ಕಂಸ ಕೈವಾರಕ್ಕೆ ಹೊಂದಬೇಕಿಲ್ಲ. ಆಗ ಎಲ್ಲ ಜೋಡಿಗಳೂ 6 ಸೆಂ.ಮೀ. ಎಂದೇ ಹೇಳುತ್ತವೆ. C ಕಿರಣವನ್ನು ಮಾತ್ರ ಈ ಚಿತ್ರದಲ್ಲಿ ಬಿಡುವುದು ಲೇಸು. 1 ಸೆಂ.ಮೀ. ಬಾಣಕ್ಕೂ ಅದು P ಗೆರೆಯನ್ನು 4 ಸೆಂ.ಮೀ. ಎತ್ತರದಲ್ಲಿ ಮುಟ್ಟುತ್ತದೆ, ದರ್ಪಣವನ್ನು ಅಷ್ಟೆತ್ತರ ಬರೆಯಬೇಕಾಗುತ್ತದೆ.

ವಸ್ತು ಎಡಗಡೆ ಇರುವಾಗ ದರ್ಪಣದ ಗುಳಿ ಎಡಕ್ಕೆ ತೆರೆದಿರಬೇಕು, ಅಂದರೆ ‘)’ ಆಕಾರ. ಓರೆಗೀಟುಗಳು ಬಲಗಡೆ, ಬೆನ್ನಿಗೆ. ಗೀಟುಗಳು ಗುಳಿಯ ಕಡೆ ಬಂದರೆ ಅದು ಪೀನ ದರ್ಪಣವಾಗಿಬಿಡುತ್ತದೆ, ಮುಂದಿನ ಗೆರೆಗಳೆಷ್ಟೇ ಸರಿಯಿದ್ದರೂ. ಕಿರಣಗಳ ಮೇಲಿನ ಬಾಣದ ಗುರುತನ್ನು ಮರೆಯುವವರೂ ಬಹಳ. ಬಾಣವಿಲ್ಲದ ಗೆರೆ ಬರುವ ಕಿರಣವೋ ಹೋಗುವ ಕಿರಣವೋ ಗೊತ್ತಾಗುವುದಿಲ್ಲ.

ಮಡಿಕೆಯ ಉಪಾಯ ಹೆಚ್ಚು ಉಪಯೋಗಕ್ಕೆ ಬರುವುದು ವಸ್ತು ಸಂಗಮಕ್ಕಿಂತ ಒಳಗೆ ಬಂದಾಗ. ಬಾಣವನ್ನು ಮಸೂರದಿಂದ 1 ಸೆಂ.ಮೀ.ಗೆ ಇಡಿ. F2 ಮೂಲಕ ಹೋಗುವ ಕಿರಣವೂ O ಮೂಲಕ ಹೋಗುವ ಕಿರಣವೂ ಬಲಗಡೆ ಒಂದರಿಂದೊಂದು ದೂರ ಸರಿಯುತ್ತವೆ, ಎಷ್ಟು ಎಳೆದರೂ ಸೇರುವುದಿಲ್ಲ. ಅವನ್ನು ಹಿಂದಕ್ಕೆ ಚುಕ್ಕಿಗೆರೆಯಲ್ಲಿ ಬೆಳೆಸಿದರೆ ಎಡಗಡೆಯೇ, O ಇಂದ 2 ಸೆಂ.ಮೀ. ದೂರದಲ್ಲಿ, 2 ಸೆಂ.ಮೀ. ಎತ್ತರಕ್ಕೆ ಸೇರುತ್ತವೆ. ಮಸೂರದಲ್ಲಿ ಮಿಥ್ಯ ಪ್ರತಿಬಿಂಬ ವಸ್ತುವಿರುವ ಬದಿಯಲ್ಲೇ ಇರುತ್ತದೆ. ಈಗ ಮಡಚಿ. ಹೊರಟ ಕಿರಣಗಳು ಎಡಕ್ಕೆ ತಿರುಗುತ್ತವೆ, ಅವುಗಳ ಚುಕ್ಕಿಗೆರೆಗಳು ಬಲಕ್ಕೆ, ದರ್ಪಣದ ಬೆನ್ನ ಹಿಂದೆ 2 ಸೆಂ.ಮೀ. ದೂರಕ್ಕೆ ಹೋಗಿ ಸೇರುತ್ತವೆ. ಬೆಳಕು ನಿಜವಾಗಿ ಓಡಾಡುವ ಗೆರೆ ಮಾತ್ರ ಗಟ್ಟಿಗೆರೆ. ದರ್ಪಣದ ಬೆನ್ನ ಹಿಂದೆ ಬೆಳಕೇ ಇಲ್ಲ, ಹಾಗಾಗಿ ಅಲ್ಲಿನ ಕಿರಣವೂ ಪ್ರತಿಬಿಂಬವೂ ಎರಡೂ ಚುಕ್ಕಿಗೆರೆಯಲ್ಲೇ ಇರಬೇಕು, ಅವುಗಳ ಮೇಲೆ ಕಿರಣದ ಬಾಣವನ್ನು ಹಾಕಬಾರದು.