ಇಪ್ಪತ್ತು ಅಂಕದ ಕಿರುಪರೀಕ್ಷೆಯನ್ನು ಎಷ್ಟು ನಂಬಬಹುದು?

ಬಿ.ಎಡ್. ಓದುವವರಿಗೆ ‘ಕಲಿಕೆಗಾಗಿ ಮೌಲ್ಯಾಂಕನ’ ಎಂಬ ಪತ್ರಿಕೆಯಿದೆ. ಅದರಲ್ಲಿ ಎರಡು ಶಬ್ದಗಳು ತಪ್ಪದೆ ಬರುತ್ತವೆ: ಸಪ್ರಮಾಣತೆ ಮತ್ತು ವಿಶ್ವಸನೀಯತೆ. ಅಳೆಯಬೇಕಾದುದನ್ನೇ ಅಳೆದರೆ ಪರೀಕ್ಷೆ ಸಪ್ರಮಾಣ, ಅಳತೆ ಸ್ಥಿರವಾಗಿದ್ದರೆ ವಿಶ್ವಸನೀಯ ಎಂದು ವಿದ್ಯಾರ್ಥಿಗಳು ಬರೆಯುತ್ತಾರೆ. ಬಳಿಕ ಪ್ರಕಾರಗಳನ್ನು ಪಟ್ಟಿ ಮಾಡಿ ಮುಗಿಸುತ್ತಾರೆ. ತಾನೇ ತಯಾರಿಸಿದ ಒಂದು ಪ್ರಶ್ನೆಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಈ ಎರಡೂ ಗುಣಗಳು ಅದರಲ್ಲಿ ಎಷ್ಟಿವೆ ಎಂದು ನೋಡಿದಾಗ ಮಾತ್ರ ಈ ವ್ಯಾಖ್ಯೆಗಳಿಗೆ ಅರ್ಥ ಬರುತ್ತದೆ. ಆ ಕೆಲಸಕ್ಕೆ ಕಂಪ್ಯೂಟರ್ ಬೇಕಿಲ್ಲ. ಪಾಠಯೋಜನೆಯ ಪುಸ್ತಕ, ಅಂಕಪಟ್ಟಿ ಮತ್ತು ಒಂದು ಗಂಟೆಯ ಬಿಡುವು ಸಾಕು.

ಏಳನೇ ತರಗತಿಯ ವಿಜ್ಞಾನದಲ್ಲಿ ‘ಸಸ್ಯಗಳಲ್ಲಿ ಪೋಷಣೆ’ ಎಂಬ ಪಾಠವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೋಧನಾ ಅಭ್ಯಾಸಕ್ಕೆ ಶಾಲೆಗೆ ಹೋದ ಶಿಕ್ಷಕಿಯೊಬ್ಬರು ಇದನ್ನು ಹತ್ತು ಅವಧಿಗಳಲ್ಲಿ ಕಲಿಸಿದ್ದಾರೆ ಎಂದಿಟ್ಟುಕೊಳ್ಳಿ. ಐದು ಅವಧಿ ದ್ಯುತಿಸಂಶ್ಲೇಷಣೆಗೆ ಹೋಯಿತು. ಪರಾವಲಂಬಿ ಮತ್ತು ಕೀಟಾಹಾರಿ ಸಸ್ಯಗಳಿಗೆ ಎರಡು, ಕೊಳೆತಿನಿಗಳು ಮತ್ತು ಸಹಜೀವನಕ್ಕೆ ಎರಡು, ಮಣ್ಣಿನ ಪೋಷಕಾಂಶಗಳಿಗೆ ಒಂದು. ಕೊನೆಗೆ ತಲಾ ಒಂದು ಅಂಕದ ಇಪ್ಪತ್ತು ಪ್ರಶ್ನೆಗಳ ಕಿರುಪರೀಕ್ಷೆ.

ಅವರು ಮೊದಲು ಪ್ರಶ್ನೆಗಳನ್ನು ಮನಸ್ಸಿಗೆ ಬಂದಂತೆ ಬರೆದರು. ಬರೆದ ಮೇಲೆ ಎಣಿಸಿ ನೋಡಿದರೆ ಪರಾವಲಂಬಿ ಮತ್ತು ಕೀಟಾಹಾರಿ ಸಸ್ಯಗಳ ಮೇಲೆ ಒಂಬತ್ತು ಪ್ರಶ್ನೆಗಳಿದ್ದವು. ದ್ಯುತಿಸಂಶ್ಲೇಷಣೆಗೆ ಆರು, ಕೊಳೆತಿನಿ ಮತ್ತು ಸಹಜೀವನಕ್ಕೆ ನಾಲ್ಕು, ಮಣ್ಣಿಗೆ ಒಂದು ಉಳಿದಿತ್ತು. ಹೀಗಾಗುವುದು ಸಹಜ. ಹೂಜಿ ಗಿಡ, ಕಸ್ಕ್ಯೂಟ, ಕಲ್ಲುಹೂವು ಇಂಥ ಹೆಸರುಗಳಿಂದ ‘ಇದಕ್ಕೊಂದು ಉದಾಹರಣೆ ಕೊಡಿ’ ಎಂಬ ಪ್ರಶ್ನೆ ಬೇಗ ಹುಟ್ಟುತ್ತದೆ. ಬೆಳಕಿಲ್ಲದೆ ಎಲೆ ಏಕೆ ಪಿಷ್ಟ ತಯಾರಿಸದು ಎಂಬುದನ್ನು ಪರೀಕ್ಷಿಸುವ ಪ್ರಶ್ನೆಗೆ ಯೋಚನೆ ಬೇಕು. ಇಪ್ಪತ್ತರಲ್ಲಿ ಹದಿನೈದು ಪ್ರಶ್ನೆಗಳು ಬರೀ ನೆನಪನ್ನು ಕೇಳುವಂಥವು ಎಂಬುದೂ ಆಗಲೇ ಗೊತ್ತಾಯಿತು.

ಈ ಪತ್ರಿಕೆಯಲ್ಲಿ ಹದಿನೇಳು ಅಂಕ ತೆಗೆದ ಮಗುವನ್ನು ನೋಡಿ ‘ಸಸ್ಯಗಳ ಪೋಷಣೆ ಇವಳಿಗೆ ಅರ್ಥವಾಗಿದೆ’ ಎಂದು ಶಿಕ್ಷಕಿ ಬರೆಯಬಹುದೇ? ಬರೆಯಲಾಗದು. ‘ಹೆಸರುಗಳು ನೆನಪಿವೆ’ ಎಂದಷ್ಟೇ ಹೇಳಬಹುದು. ಸಪ್ರಮಾಣತೆಯ ಪ್ರಶ್ನೆ ಇರುವುದು ಇಲ್ಲಿ. ಅದು ಕಾಗದದ ಮೇಲೆ ಅಚ್ಚಾದ ಪ್ರಶ್ನೆಗಳ ಗುಣಕ್ಕಿಂತ ಹೆಚ್ಚಾಗಿ, ಅಂಕ ನೋಡಿ ನಾವು ಮಾಡುವ ತೀರ್ಮಾನಕ್ಕೆ ಆಧಾರವಿದೆಯೇ ಎಂಬ ವಿಚಾರ. ಹೆಸರುಗಳ ನೆನಪನ್ನು ಪರೀಕ್ಷಿಸಲು ಇದೇ ಪತ್ರಿಕೆ ತಕ್ಕದ್ದಾದೀತು. ಪಾಠದ ತಿಳಿವಳಿಕೆಯನ್ನು ಪರೀಕ್ಷಿಸಲು ತಕ್ಕದ್ದಲ್ಲ. ಆದ್ದರಿಂದ ಮೌಲ್ಯಾಂಕನದ ಉತ್ತರದಲ್ಲಿ ‘ಈ ಪರೀಕ್ಷೆ ಸಪ್ರಮಾಣವಾಗಿದೆ’ ಎಂದು ನಿಲ್ಲಿಸದೆ, ಯಾವ ಉದ್ದೇಶಕ್ಕೆ ಸಪ್ರಮಾಣ ಎಂಬುದನ್ನೂ ಬರೆಯಬೇಕು.

ಶಿಕ್ಷಕರ ಕೈಯಲ್ಲಿ ಇದಕ್ಕಿರುವ ಸಾಧನ ನೀಲನಕ್ಷೆ. ಒಂದು ಕಡೆ ಪಾಠದ ಭಾಗಗಳು, ಇನ್ನೊಂದು ಕಡೆ ಉದ್ದೇಶಗಳು. ಮೊದಲ ಲೆಕ್ಕ ಸುಲಭ: ಹತ್ತು ಅವಧಿಗೆ ಇಪ್ಪತ್ತು ಅಂಕವಾದರೆ ಒಂದು ಅವಧಿಗೆ ಎರಡು. ದ್ಯುತಿಸಂಶ್ಲೇಷಣೆಗೆ ಹತ್ತು, ಪರಾವಲಂಬಿ ಮತ್ತು ಕೀಟಾಹಾರಿಗಳಿಗೆ ನಾಲ್ಕು, ಕೊಳೆತಿನಿ ಮತ್ತು ಸಹಜೀವನಕ್ಕೆ ನಾಲ್ಕು, ಮಣ್ಣಿಗೆ ಎರಡು ಅಂಕ ಸಲ್ಲಬೇಕು. ಎರಡನೆಯ ಲೆಕ್ಕ ಉದ್ದೇಶಗಳದ್ದು: ಸ್ಮರಣೆಗೆ ಆರು, ತಿಳಿವಳಿಕೆಗೆ ಎಂಟು, ಅನ್ವಯಕ್ಕೆ ಆರು ಎಂದು ಶಿಕ್ಷಕಿ ನಿರ್ಧರಿಸಿದರು. ಈ ಹಂಚಿಕೆಗೆ ತಕ್ಕಂತೆ ಕೆಲವು ಪ್ರಶ್ನೆಗಳು ಹೋಗಿ ಹೊಸವು ಬಂದವು. ಒಂದು ಹೀಗಿತ್ತು: ಕುಂಡದ ಗಿಡವೊಂದನ್ನು ಮೂರು ದಿನ ಕತ್ತಲಲ್ಲಿಟ್ಟು, ಒಂದು ಎಲೆಯ ನಡುಭಾಗಕ್ಕೆ ಕಪ್ಪು ಕಾಗದ ಸುತ್ತಿ ಬಿಸಿಲಿಗೆ ಇಡಲಾಗಿದೆ. ಸಂಜೆ ಆ ಎಲೆಯ ಹಸಿರನ್ನು ತೆಗೆದು ಅಯೋಡಿನ್ ಹಾಕಿದರೆ ಯಾವ ಭಾಗ ಕಡುನೀಲಿಗೆ ತಿರುಗುವುದಿಲ್ಲ? ಪಾಠವನ್ನು ಉರುಹೊಡೆದ ಮಗುವಿಗಿಂತ ಅರ್ಥಮಾಡಿಕೊಂಡ ಮಗುವಿಗೆ ಇದು ಸುಲಭ.

ನೀಲನಕ್ಷೆ ಸರಿಯಿದ್ದೂ ಸಪ್ರಮಾಣತೆ ಕೆಡುವ ಇನ್ನೊಂದು ದಾರಿ ಪ್ರಶ್ನೆಯ ಭಾಷೆ. ‘ಕೆಳಗಿನವುಗಳಲ್ಲಿ ಯಾವುದು ಪರಾವಲಂಬಿಯಲ್ಲದ ಸಸ್ಯವಲ್ಲ?’ ಎಂಬ ಪ್ರಶ್ನೆಯನ್ನು ನೋಡಿ. ಕಸ್ಕ್ಯೂಟ ಬೇರೆ ಗಿಡದ ರಸ ಹೀರುತ್ತದೆ ಎಂದು ಬಲ್ಲ ಮಗುವೂ ಎರಡು ‘ಅಲ್ಲ’ಗಳ ನಡುವೆ ಸಿಕ್ಕಿಬೀಳುತ್ತದೆ. ಮನೆಯಲ್ಲಿ ತೆಲುಗು, ಉರ್ದು ಅಥವಾ ತುಳು ಮಾತಾಡುವ ಮಗುವಿಗೆ ತೊಡಕು ಇನ್ನೂ ಹೆಚ್ಚು. ಆಗ ಅಂಕ ಹೋದದ್ದು ವಿಜ್ಞಾನ ತಿಳಿಯದೆಯೋ ವಾಕ್ಯ ತಿಳಿಯದೆಯೋ ಎಂದು ಹೇಳಲಾಗದು. ಇದನ್ನು ಪತ್ತೆಹಚ್ಚಲು ಒಂದು ಉಪಾಯವಿದೆ. ತಪ್ಪು ಬರೆದ ಇಬ್ಬರು ಮೂವರು ಮಕ್ಕಳನ್ನು ಕರೆದು ಅದನ್ನೇ ಸರಳವಾಗಿ ಬಾಯಿಮಾತಿನಲ್ಲಿ ಕೇಳಿ. ಸರಿಯಾಗಿ ಹೇಳಿಬಿಟ್ಟರೆ ದೋಷ ಪ್ರಶ್ನೆಯದು.

ಇನ್ನು ವಿಶ್ವಸನೀಯತೆ. ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಕೊಟ್ಟರೆ ಮಕ್ಕಳು ಸರಿಸುಮಾರು ಇದೇ ಅಂಕ ಪಡೆಯುತ್ತಾರೆಯೇ ಎಂಬುದು ಇಲ್ಲಿನ ಪ್ರಶ್ನೆ. ತರಗತಿಯಲ್ಲಿ ಹಾಗೆ ಎರಡು ಸಲ ಕೊಡುವುದು ಕಷ್ಟ. ನಡುವೆ ಮಕ್ಕಳು ಉತ್ತರಗಳನ್ನು ಚರ್ಚಿಸಿರುತ್ತಾರೆ, ಕಲಿತಿರುತ್ತಾರೆ. ಅದಕ್ಕೆ ಅರ್ಧವಿಭಜನೆಯ ವಿಧಾನ ಬಳಸುತ್ತಾರೆ. ಒಂದೇ ಪತ್ರಿಕೆಯ ಬೆಸ ಸಂಖ್ಯೆಯ ಪ್ರಶ್ನೆಗಳನ್ನು ಒಂದು ಪರೀಕ್ಷೆ, ಸಮ ಸಂಖ್ಯೆಯವನ್ನು ಇನ್ನೊಂದು ಪರೀಕ್ಷೆ ಎಂದು ಭಾವಿಸಿ ಎರಡನ್ನೂ ಹೋಲಿಸುವುದು. ಮೊದಲ ಹತ್ತು, ಕೊನೆಯ ಹತ್ತು ಎಂದು ಒಡೆಯಬಾರದು. ಕೊನೆಗೆ ಮಕ್ಕಳು ದಣಿದಿರುತ್ತಾರೆ, ಕಠಿಣ ಪ್ರಶ್ನೆಗಳೂ ಅಲ್ಲೇ ಸೇರಿರುತ್ತವೆ.

ಲೆಕ್ಕ ಕಾಣುವಂತೆ ಎಂಟೇ ಮಕ್ಕಳ ಅಂಕಗಳನ್ನು ಇಲ್ಲಿ ಕೊಟ್ಟಿದೆ. ನಿಜವಾದ ತರಗತಿಯಲ್ಲಿ ಎಲ್ಲರನ್ನೂ ಸೇರಿಸಬೇಕು. ಸಂಖ್ಯೆ ಕಡಿಮೆಯಿದ್ದಷ್ಟೂ ಫಲಿತಾಂಶ ಓಲಾಡುತ್ತದೆ.

| ಮಗು | ಬೆಸ | ಸಮ | ಒಟ್ಟು |
|---|---|---|---|
| 1 | 9 | 8 | 17 |
| 2 | 8 | 9 | 17 |
| 3 | 7 | 5 | 12 |
| 4 | 7 | 8 | 15 |
| 5 | 6 | 6 | 12 |
| 6 | 5 | 3 | 8 |
| 7 | 4 | 6 | 10 |
| 8 | 2 | 3 | 5 |

ಎರಡೂ ಅರ್ಧಗಳ ಸರಾಸರಿ 6. ಪ್ರತಿ ಮಗುವಿನ ಅಂಕ ಸರಾಸರಿಯಿಂದ ಎಷ್ಟು ದೂರವಿದೆ ಎಂದು ಬರೆದುಕೊಳ್ಳಿ. ಮೊದಲ ಮಗುವಿಗೆ ಬೆಸದಲ್ಲಿ +3, ಸಮದಲ್ಲಿ +2. ಆ ಎರಡನ್ನು ಗುಣಿಸಿದರೆ 6. ಹೀಗೆ ಎಂಟೂ ಮಕ್ಕಳ ಗುಣಲಬ್ಧ ಕೂಡಿದರೆ 28 ಬರುತ್ತದೆ. ಬೆಸದ ದೂರಗಳ ವರ್ಗಗಳ ಮೊತ್ತ 36, ಸಮದ್ದೂ 36. ಈ ಎರಡು ಮೊತ್ತಗಳ ಗುಣಲಬ್ಧದ ವರ್ಗಮೂಲವೂ 36 ಆಗುವುದರಿಂದ, ಸಹಸಂಬಂಧ 28/36, ಅಂದರೆ 0.78.

ಇದು ಹತ್ತು ಪ್ರಶ್ನೆಗಳ ಅರ್ಧ ಪರೀಕ್ಷೆಯ ವಿಶ್ವಸನೀಯತೆ. ನಾವು ಕೊಟ್ಟದ್ದು ಇಪ್ಪತ್ತು ಪ್ರಶ್ನೆ. ಅದನ್ನು ಸರಿದೂಗಿಸಲು ಚಾರ್ಲ್ಸ್ ಸ್ಪಿಯರ್‌ಮನ್ ಮತ್ತು ವಿಲಿಯಂ ಬ್ರೌನ್ ಎಂಬ ಇಬ್ಬರು 1910ರಲ್ಲಿ ಬೇರೆಬೇರೆಯಾಗಿಯೇ ಪ್ರಕಟಿಸಿದ ಸೂತ್ರವಿದೆ:

```
2r / (1 + r)
```

r ಇದ್ದಲ್ಲಿ 0.78 ಹಾಕಿದರೆ 1.56ನ್ನು 1.78ರಿಂದ ಭಾಗಿಸಿ 0.88 ಸಿಗುತ್ತದೆ. ಶಿಕ್ಷಕರು ತಯಾರಿಸಿದ ಕಿರುಪರೀಕ್ಷೆಗೆ ಇದು ಒಳ್ಳೆಯ ಅಂಕಿ. ಪ್ರಶ್ನೆಗಳು ಕಡಿಮೆಯಾದಂತೆ ಇದು ಕುಸಿಯುತ್ತದೆ. ಇದೇ ಗುಣಮಟ್ಟದ ಐದೇ ಪ್ರಶ್ನೆ ಕೇಳಿದ್ದರೆ ಸುಮಾರು 0.64ಕ್ಕೆ ಇಳಿಯುತ್ತಿತ್ತು. ಐದು ಪ್ರಶ್ನೆ ಕೇಳಿ ಮಗುವಿನ ಬಗ್ಗೆ ದೊಡ್ಡ ತೀರ್ಮಾನ ಮಾಡಬಾರದು ಎನ್ನುವುದು ಈ ಕಾರಣಕ್ಕೇ.

0.88 ಎಂಬ ಅಂಕಿಯಿಂದ ಮಗುವಿಗೆ ಏನು? ಇದಕ್ಕೆ ಉತ್ತರ ಕೊಡುವುದು ಮಾಪನದ ಮಾನಕ ದೋಷ. ಒಟ್ಟು ಅಂಕಗಳ ಮಾನಕ ವಿಚಲನೆ ಇಲ್ಲಿ 4. ಒಂದರಿಂದ 0.88 ಕಳೆದು, ಉಳಿದ 0.12ರ ವರ್ಗಮೂಲವನ್ನು 4ರಿಂದ ಗುಣಿಸಿದರೆ ಸುಮಾರು 1.4. ಎಂದರೆ ಇಲ್ಲಿ 12 ಅಂಕ ಪಡೆದ ಮಗುವಿನ ನಿಜವಾದ ಮಟ್ಟ ಸ್ಥೂಲವಾಗಿ ಹತ್ತೂವರೆಯಿಂದ ಹದಿಮೂರೂವರೆಯ ನಡುವೆ ಎಲ್ಲೋ ಇದೆ. ಅದೂ ಮೂರರಲ್ಲಿ ಎರಡು ಪಾಲು ಭರವಸೆಯಿಂದ ಹೇಳಬಹುದಾದ ಮಾತು. ಹಾಗಿದ್ದಾಗ 12 ಪಡೆದ ಐದನೆಯ ಮಗು 10 ಪಡೆದ ಏಳನೆಯ ಮಗುವಿಗಿಂತ ಮುಂದಿದೆ ಎಂದು ಖಚಿತವಾಗಿ ಹೇಳಲು ಆಧಾರವಿಲ್ಲ. 17 ಪಡೆದವರು 8 ಪಡೆದವರಿಗಿಂತ ಮುಂದಿದ್ದಾರೆ ಎನ್ನಲು ಧಾರಾಳ ಆಧಾರವಿದೆ.

ಅರ್ಧವಿಭಜನೆಗೆ ಕಾಣದ ದೋಷವೂ ಒಂದಿದೆ. ಒಂದಂಕದ ಪ್ರಶ್ನೆಗಳ ಬದಲು ಐದಂಕದ ವಿವರಣಾತ್ಮಕ ಪ್ರಶ್ನೆಗಳಿದ್ದರೆ ತಿದ್ದುವ ಕೈ ಬದಲಾದಾಗ ಅಂಕವೂ ಬದಲಾಗುತ್ತದೆ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ಹಲವು ಪ್ರೌಢಶಾಲೆಗಳಿಗೆ ಕಳಿಸಿ ತಿದ್ದಿಸಿದರು. ನೂರಕ್ಕೆ 64ರಿಂದ 98ರವರೆಗೆ ಅಂಕಗಳು ಬಂದವು. ಮರುವರ್ಷ ರೇಖಾಗಣಿತದ ಪತ್ರಿಕೆಯಲ್ಲಿ ಅಂತರ ಇನ್ನೂ ಹೆಚ್ಚಾಯಿತು. ಕೆಲವರು ಹಂತಗಳಿಗೆ ಅಂಕ ಕೊಟ್ಟರೆ ಕೆಲವರು ಕೊನೆಯ ಉತ್ತರಕ್ಕೆ ಮಾತ್ರ ಕೊಡುವುದು, ಅಂದವಾಗಿಲ್ಲವೆಂದು ಅಂಕ ಕಳೆಯುವುದು ಇಂಥ ಅಂತರಕ್ಕೆ ಕಾರಣ. ಪರಿಹಾರ ನಮ್ಮ ಶಾಲೆಗಳಲ್ಲೂ ಸಾಧ್ಯ. ತಿದ್ದುವ ಮೊದಲೇ ಪ್ರತಿ ಅಂಕ ಯಾವ ಅಂಶಕ್ಕೆ ಎಂದು ಬರೆದಿಟ್ಟುಕೊಳ್ಳಿ, ಮಕ್ಕಳ ಹೆಸರು ಕಾಣದಂತೆ ಹಾಳೆ ಮಡಚಿ, ಎಲ್ಲರ ಮೊದಲ ಉತ್ತರ ತಿದ್ದಿ ಮುಗಿಸಿ ಎರಡನೆಯದಕ್ಕೆ ಹೋಗಿ. ನಾಲ್ಕೈದು ಪತ್ರಿಕೆಗಳನ್ನು ಸಹೋದ್ಯೋಗಿಯೊಬ್ಬರಿಂದ ಬೇರೆಯಾಗಿ ತಿದ್ದಿಸಿ ನೋಡಿದರೆ ನಿಮ್ಮ ಅಂಕಗಳು ಎಷ್ಟು ಅಲುಗಾಡುತ್ತವೆ ಎಂಬುದು ಅಂದೇ ತಿಳಿಯುತ್ತದೆ.

ಈ ಎರಡು ಗುಣಗಳ ಸಂಬಂಧವೂ ನಮ್ಮ ಉದಾಹರಣೆಯಲ್ಲೇ ಇದೆ. ಇಪ್ಪತ್ತೂ ಪ್ರಶ್ನೆಗಳನ್ನು ಕೀಟಾಹಾರಿ ಸಸ್ಯಗಳ ಮೇಲೆಯೇ ಕೇಳಿದ್ದರೆ ಬೆಸ ಮತ್ತು ಸಮ ಅಂಕಗಳು ಇನ್ನೂ ಚೆನ್ನಾಗಿ ಹೊಂದಿ, ವಿಶ್ವಸನೀಯತೆ 0.90 ದಾಟಿದರೂ ಆಶ್ಚರ್ಯವಿಲ್ಲ. ಆದರೆ ಇಡೀ ಪಾಠದ ತಿಳಿವಳಿಕೆಯ ಬಗ್ಗೆ ಆ ಅಂಕಗಳು ಏನನ್ನೂ ಹೇಳುತ್ತಿರಲಿಲ್ಲ. ವಿಶ್ವಸನೀಯತೆ ಇದ್ದಮಾತ್ರಕ್ಕೆ ಸಪ್ರಮಾಣತೆ ಬರುವುದಿಲ್ಲ. ಅಂಕಗಳೇ ಅಸ್ಥಿರವಾಗಿದ್ದರೆ ಅವುಗಳ ಮೇಲೆ ಕಟ್ಟಿದ ಯಾವ ತೀರ್ಮಾನವೂ ನಿಲ್ಲುವುದಿಲ್ಲ. ಹೀಗಾಗಿ ಕ್ರಮ ಇಷ್ಟು: ಪರೀಕ್ಷೆಗೆ ಮುನ್ನ ನೀಲನಕ್ಷೆ, ಪರೀಕ್ಷೆಯ ನಂತರ ಬೆಸ–ಸಮ ಲೆಕ್ಕ.

ಮೌಲ್ಯಾಂಕನದ ಪತ್ರಿಕೆ ಬರೆಯುವ ಪ್ರಶಿಕ್ಷಣಾರ್ಥಿಗಳು ವ್ಯಾಖ್ಯೆಯ ಕೆಳಗೆ ತಮ್ಮದೇ ಒಂದು ಪರೀಕ್ಷೆಯ ನೀಲನಕ್ಷೆಯನ್ನೂ ಅದರ ಲೆಕ್ಕವನ್ನೂ ಇಡಲಿ. ಹೆತ್ತವರಲ್ಲಿ ಒಂದು ಮಾತು: ಕಿರುಪರೀಕ್ಷೆಯಲ್ಲಿ ಪಕ್ಕದ ಮನೆಯ ಮಗುವಿಗಿಂತ ಎರಡು ಅಂಕ ಕಡಿಮೆ ಬಂತೆಂದು ಮಗುವನ್ನು ಬೈಯಬೇಡಿ. ಆ ಎರಡು ಅಂಕ ಬಹುಪಾಲು ಅಳತೆಯ ದೋಷದೊಳಗೇ ಇರುತ್ತದೆ.